ಜ್ವರದ ಜೊತೆ ಮೈಮೇಲೆ ಗುಳ್ಳೆ: ಬೆಳಗಾಗುವವರೆಗೆ ಕಾಯಬಹುದೇ?

ನಿಮ್ಮ ಮನೆ ಸಕಲೇಶಪುರದ ಹೆತ್ತೂರು ಕಡೆಯ ಯಾವುದೋ ಕಾಫಿ ತೋಟದ ಪಕ್ಕದಲ್ಲಿದೆ ಎಂದಿಟ್ಟುಕೊಳ್ಳಿ. ಹೊರಗೆ ಬಿಡದೆ ಸುರಿಯುವ ಮಳೆ. ಒಂದೂವರೆ ವರ್ಷದ ಮಗಳಿಗೆ ಮೂರು ದಿನದಿಂದ ಜ್ವರ, ನೆಗಡಿ, ಕೆಮ್ಮು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ. ಮಳೆಗಾಲದ ಶೀತ ಎಂದು ನೀವು ಸುಮ್ಮನಿದ್ದಿರಿ. ನಾಲ್ಕನೆಯ ದಿನ ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಕೆಂಪು ದದ್ದು ಕಾಣಿಸಿತು. ಸಂಜೆಯ ಹೊತ್ತಿಗೆ ಮುಖದ ತುಂಬ ಹರಡಿತು. ‘ಅಮ್ಮ ಬಂದಿದೆ, ಮದ್ದು ಕೊಡಬೇಡಿ, ಪೂರ್ತಿ ಹೊರಗೆ ಬರಲಿ’ ಎಂದರು ಪಕ್ಕದ ಮನೆಯವರು.

ಇದು ಹೆಚ್ಚುಕಡಿಮೆ ದಡಾರದ ನಡೆ. ದದ್ದು ಏಳುವ ಮೊದಲೇ ಮಗುವಿನ ಕೆನ್ನೆಯ ಒಳಭಾಗವನ್ನು ಟಾರ್ಚ್ ಹಾಕಿ ನೋಡಿದ್ದರೆ, ಕೆಂಪು ಚರ್ಮದ ಮೇಲೆ ರವೆ ಉದುರಿಸಿದಂತೆ ಸಣ್ಣ ಬಿಳಿ ಚುಕ್ಕೆಗಳು ಕಾಣಬಹುದಿತ್ತು. ಮುಖದಿಂದ ಎದೆ, ಹೊಟ್ಟೆ, ಕೊನೆಗೆ ಕಾಲಿಗೆ ದದ್ದು ಇಳಿಯಲು ಎರಡು ಮೂರು ದಿನ ಬೇಕು. ದದ್ದು ಏಳುವಾಗ ಜ್ವರ ಜೋರಾಗಿರುತ್ತದೆ. ಕಾಲಿನವರೆಗೆ ಬಂದ ಮೇಲೆ ಜ್ವರ ಇಳಿಯಬೇಕು, ದದ್ದು ಕಂದು ಬಣ್ಣಕ್ಕೆ ತಿರುಗಿ ತವುಡಿನಂತೆ ಉದುರಬೇಕು. ದಡಾರ ಎಂಬ ಅನುಮಾನ ಬಂದ ದಿನವೇ ವೈದ್ಯರಿಗೆ ತೋರಿಸಬೇಕು. ‘ಪೂರ್ತಿ ಬರಲಿ’ ಎಂದು ಕಾಯುವುದರಿಂದ ಮಗುವಿಗೆ ಯಾವ ಲಾಭವೂ ಇಲ್ಲ.

ಆ ದಿನವೇ ಏಕೆ? ದಡಾರ ಬಂದ ಮಗುವಿಗೆ ವಿಟಮಿನ್ ‘ಎ’ ದ್ರಾವಣವನ್ನು ಇಂದು ಒಂದು ಸಲ, ನಾಳೆ ಇನ್ನೊಂದು ಸಲ ಕುಡಿಸುತ್ತಾರೆ. ವರ್ಷ ತುಂಬಿದ ಮಗುವಿಗೆ ಪ್ರತಿ ಸಲ 2 ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳ ಮಗುವಿಗೆ 1 ಲಕ್ಷ, ಆರು ತಿಂಗಳೊಳಗಿನ ಕೂಸಿಗೆ 50 ಸಾವಿರ. ಇದು ಕಣ್ಣನ್ನೂ ಜೀವವನ್ನೂ ಕಾಯುವ ಮದ್ದು. ನೀವೇ ಅಂಗಡಿಯಿಂದ ತಂದು ಕುಡಿಸಬೇಡಿ. ಅಂಗನವಾಡಿಯಲ್ಲಿ ಇತ್ತೀಚೆಗೆ ಕುಡಿಸಿದ್ದರೆ ತಾಯಿ ಕಾರ್ಡ್ ತೋರಿಸಿ, ವೈದ್ಯರು ನಿರ್ಧರಿಸುತ್ತಾರೆ. ಕಣ್ಣಿಗೆ ಸೊಪ್ಪಿನ ರಸ, ಎದೆಹಾಲು ಏನನ್ನೂ ಹಾಕಬೇಡಿ. ಕಪ್ಪು ಗುಡ್ಡೆ ಮಸುಕಾಗಿದ್ದರೆ, ಬೆಳಕಿಗೆ ಮಗು ಕಣ್ಣು ಬಿಡಲಾರದೆ ಹೋದರೆ ತಡಮಾಡಬೇಡಿ.

ಮತ್ತೆ ಆ ಮನೆಗೆ ಬರೋಣ. ದದ್ದು ಬಂದು ಐದನೆಯ ದಿನ. ಕಾಲಿನ ದದ್ದು ಬಾಡುತ್ತಿದೆ, ಮನೆಯವರಿಗೆ ಸಮಾಧಾನ. ಆದರೆ ಇಳಿದಿದ್ದ ಜ್ವರ ಸಂಜೆ ಮತ್ತೆ ಏರಿತು. ಮಗು ಸಣ್ಣಗೆ ಏದುಸಿರು ಬಿಡುತ್ತಿದೆ. ನನ್ನ ಮಟ್ಟಿಗೆ ಇಡೀ ಕಾಯಿಲೆಯಲ್ಲಿ ಹೆಚ್ಚು ಮೋಸ ಮಾಡುವ ಘಳಿಗೆ ಇದು, ಏಕೆಂದರೆ ಎಲ್ಲರ ಕಣ್ಣು ಚರ್ಮದ ಮೇಲಿರುತ್ತದೆ, ಚರ್ಮವೋ ವಾಸಿಯಾಗುತ್ತಿರುತ್ತದೆ. ದಡಾರದಿಂದ ಮಕ್ಕಳು ಸಾಯುವುದು ಬಹುಮಟ್ಟಿಗೆ ಅದರ ಹಿಂದೆ ಬರುವ ನ್ಯುಮೋನಿಯಾದಿಂದ.

ಮಗು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅರ್ಧ ನಿಮಿಷ ಎಣಿಸಿ ದ್ವಿಗುಣ ಮಾಡಿದರೆ ತಪ್ಪಾಗುತ್ತದೆ, ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಕೆಯೂ ಬೇಡ. ನಮ್ಮ ಮಗುವಿಗೆ 54 ಬಂತು ಎಂದುಕೊಳ್ಳಿ. ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ, ರಾತ್ರಿಯೇ ಹೊರಡಬೇಕು. 108ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದ ಜಾಗವಾದರೆ ತೋಟದ ಜೀಪನ್ನೇ ಕೇಳಿ. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆಯಿದೆ, ಆಲೂರಿನವರಿಗೆ ಅಲ್ಲಿನ ತಾಲೂಕು ಆಸ್ಪತ್ರೆ. ಅಲ್ಲಿಂದ ಹಾಸನಕ್ಕೆ ಕಳಿಸಿದರೆ ವಾದ ಮಾಡದೆ ಹೋಗಿ.

ಜ್ವರದ ಮದ್ದಿನಲ್ಲಿ ಆಗುವ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ಯಾರಾಸಿಟಮಾಲ್ ಲೆಕ್ಕ ತೂಕದ ಮೇಲೆ: ಒಂದು ಕಿಲೋಗೆ 15 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಈ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಬಾಟಲಿಯ ಮೇಲೆ 5 ಮಿ.ಲೀ.ಗೆ 250 ಎಂದಿದ್ದರೆ 3 ಮಿ.ಲೀ., 125 ಎಂದಿದ್ದರೆ 6 ಮಿ.ಲೀ. ಹಳೆಯ ಬಾಟಲಿಯ ಅಳತೆಯಲ್ಲೇ ಹೊಸದನ್ನು ಕುಡಿಸಿದರೆ ಮದ್ದು ಎರಡು ಪಟ್ಟು ಆಗಬಹುದು. ತೀರಾ ಸಣ್ಣ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಗುಳ್ಳೆ ಇರಲಿ, ಇಲ್ಲದಿರಲಿ, ಅಂದೇ ತೋರಿಸಿ.

ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ನೋಡಲು ಬೇರೆಯೇ. ಅದರಲ್ಲಿ ನೀರು ತುಂಬಿದ ಗುಳ್ಳೆ, ವಿಪರೀತ ತುರಿಕೆ. ಒಂದೇ ಜಾಗದಲ್ಲಿ ಹೊಸ ಗುಳ್ಳೆ, ಒಡೆದದ್ದು, ಹಕ್ಕಳೆ ಕಟ್ಟಿದ್ದು ಎಲ್ಲವೂ ಒಟ್ಟಿಗೆ ಕಾಣುತ್ತದೆ. ಹೆಚ್ಚಿನ ಮಕ್ಕಳು ತಾವಾಗಿ ಚೇತರಿಸಿಕೊಳ್ಳುತ್ತಾರೆ. ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಿ, ಆಸ್ಪಿರಿನ್ ಮತ್ತು ಐಬುಪ್ರೊಫೇನ್ ಕೊಡಬೇಡಿ. ಗುಳ್ಳೆಯ ಸುತ್ತ ಚರ್ಮ ಬಿಸಿಯಾಗಿ, ಕೆಂಪು ಹರಡುತ್ತ ನೋಯತೊಡಗಿದರೆ, ಬಿಟ್ಟ ಜ್ವರ ಮರಳಿದರೆ, ನಡೆಯುವಾಗ ಮಗು ತೂರಾಡಿದರೆ ಅದು ಮನೆಯಲ್ಲಿ ನೋಡಿಕೊಳ್ಳುವ ಕಾಯಿಲೆಯಾಗಿ ಉಳಿದಿಲ್ಲ. ಮನೆಯಲ್ಲಿ ಗರ್ಭಿಣಿ ಸೊಸೆಯಿದ್ದು, ಅವಳಿಗೆ ಚಿಕ್ಕಂದಿನಲ್ಲಿ ಇದು ಬಂದಿರದಿದ್ದರೆ, ಅವಳ ಮೈಮೇಲೆ ಗುಳ್ಳೆ ಏಳುವವರೆಗೆ ಕಾಯದೆ ವೈದ್ಯರನ್ನು ಕಾಣಿಸಿ.

ಇನ್ನೊಂದು ಪರೀಕ್ಷೆಯನ್ನು ಪ್ರತಿ ತಾಯಿಯೂ ಕಲಿಯಬೇಕು. ಗಾಜಿನ ಲೋಟದ ಪಕ್ಕವನ್ನು ದದ್ದಿನ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಸಾಮಾನ್ಯ ದದ್ದು ಒತ್ತಿದಾಗ ಮಾಸುತ್ತದೆ. ಮಾಸದೆ ಕೆಂಪಾಗಿಯೇ, ನೇರಳೆಯಾಗಿಯೇ ನಿಂತರೆ ಅದು ಚರ್ಮದಡಿ ಸೋರಿದ ರಕ್ತ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ, ಅಂಗಾಲು, ಕಣ್ಣ ರೆಪ್ಪೆಯ ಒಳಗೆ ನೋಡಿ. ಜ್ವರದ ಜೊತೆ ಇಂಥ ಚುಕ್ಕೆ ಇದ್ದರೆ ಮಿದುಳಿನ ಪೊರೆಯ ಸೋಂಕೋ ಡೆಂಗಿಯೋ ಇರಬಹುದು, ಕೂಡಲೇ ಹೊರಡಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಜ್ವರ ಬಿಟ್ಟಿತಲ್ಲ ಎನ್ನುವಾಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ನಿಲ್ಲಬೇಡಿ. ಗುಳ್ಳೆ ಯಾವ ಬಗೆಯದೇ ಆಗಿರಲಿ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಏನನ್ನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ, ಎಂಟು ಗಂಟೆ ಮೂತ್ರ ಹೋಗದಿದ್ದರೆ ಇದೇ ಮಾತು. ಓದಿ ಊದಿದ ನೀರು ಕುಡಿಸುವ ಮನೆಗಳಿವೆ. ದುಆ ಜೀಪಿನಲ್ಲಿ ಕೂತೂ ಆಗುತ್ತದೆ.

ನಮ್ಮ ಕಥೆಯ ಮಗುವಿಗೆ ಒಂಬತ್ತು ತಿಂಗಳಲ್ಲಿ ಹಾಕಿಸಬೇಕಿದ್ದ ದಡಾರ-ರುಬೆಲ್ಲಾ ಚುಚ್ಚುಮದ್ದು ತಪ್ಪಿತ್ತು, ಅಂದು ಮೂಗು ಸೋರುತ್ತಿತ್ತೆಂದು. ಸಣ್ಣ ನೆಗಡಿ ಲಸಿಕೆಗೆ ಅಡ್ಡಿಯಲ್ಲ. ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಈ ಲಸಿಕೆಯ ಅಭಿಯಾನ ನಡೆದಾಗ ವಾಟ್ಸಾಪ್‌ನಲ್ಲಿ ಸುಳ್ಳು ಸಂದೇಶಗಳು ಓಡಾಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಗ ಹಿಂಜರಿದ ಮನೆಗಳು ಈಗ ತಾಯಿ ಕಾರ್ಡ್ ತೆಗೆದು ನೋಡಿ, ಬಿಟ್ಟುಹೋದದ್ದನ್ನು ಆಶಾ ಕಾರ್ಯಕರ್ತೆಯ ಬಳಿ ಕೇಳಿ.

ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ಎದ್ದು ನಾಲ್ಕು ದಿನದವರೆಗೆ ದಡಾರ ಗಾಳಿಯಲ್ಲಿ ಹರಡುತ್ತದೆ. ಪಕ್ಕದ ಲೈನ್ ಮನೆಗಳಲ್ಲಿ ಲಸಿಕೆಯಾಗದ ಮಕ್ಕಳಿದ್ದರೆ ಅವರ ತಾಯಂದಿರಿಗೆ ತಿಳಿಸಿ. ಸೋಂಕು ತಗುಲಿದ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಪ್ಪಬಹುದು. ಆಸ್ಪತ್ರೆಗೆ ಹೊರಡುವ ಮುನ್ನವೂ ಫೋನ್ ಮಾಡಿ, ಮೈಮೇಲೆ ದದ್ದು ಇದೆ ಎಂದು ಹೇಳಿ. ಇತರ ಕೂಸುಗಳ ನಡುವೆ ಸಾಲಿನಲ್ಲಿ ಕೂರಿಸದೆ ನಿಮ್ಮನ್ನು ಬೇರೆಯಾಗಿ ಒಳಗೆ ಕರೆದುಕೊಳ್ಳಲು ಅವರಿಗೆ ಅನುಕೂಲವಾಗುತ್ತದೆ.