ಅಜ್ಜಿಯ ಗದ್ದದ ಮೇಲಿನ ಮೂರು ಚುಕ್ಕೆ

ಸದಾಶಿವ ಪೇಠದ ನಮ್ಮ ಅತ್ತೆಯ ಮನೆಯಲ್ಲಿ ಅಜ್ಜಿಯದು ಅಂತ ಇರುವುದು ಒಂದೇ ಒಂದು ಫೋಟೋ. 1957ರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು, ನಾಲ್ಕು ಇಂಚು ಅಗಲ, ಆರು ಇಂಚು ಎತ್ತರ. ಆಗ ಮನೆ ಇದ್ದದ್ದು ಹೊಳೆಗೆ ಹತ್ತಿರದ ನಾರಾಯಣ ಪೇಠದಲ್ಲಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದಾಗ ಗೋಡೆಯ ಮೇಲಿದ್ದ ಈ ಫೋಟೋ ಅರ್ಧ ಮುಳುಗಿತು. ಅದೇ ವರ್ಷದ ಕೊನೆಗೆ ಅಜ್ಜಿಯೂ ತೀರಿಕೊಂಡರು. ಅತ್ತೆಗೆ ಆಗ ನಾಲ್ಕು ವರ್ಷ, ನಮ್ಮಪ್ಪನಿಗೆ ಒಂದು. ಅಂದರೆ ಅವರಿಬ್ಬರಿಗೂ ಅವ್ವನ ಮುಖ ಅಂದರೆ ಈ ಫೋಟೋವೇ.

ಚಿತ್ರ ಬಿಡಿಸುವುದು ನನ್ನ ಕಸುಬು. ಹಾಗಾಗಿ ಇದನ್ನು ನೋಡಿ ಒಂದು ಭಾವಚಿತ್ರ ಬರೆದುಕೊಡು ಅಂತ ಅತ್ತೆ ಹೇಳಿದರು. ಅದಕ್ಕೂ ಮೊದಲು ಅವರ ಮೊಮ್ಮಗ ಮೊಬೈಲಿನಲ್ಲಿ ಫೋಟೋ ತೆಗೆದು ಚಿತ್ರದ ಫಿಲ್ಟರ್ ಹಾಕಿ ತೋರಿಸಿದ್ದ. ಇಪ್ಪತ್ತೆರಡು ವರ್ಷದ ಅಜ್ಜಿಗೆ ಅರವತ್ತಾಗಿತ್ತು! ಕಾಗದ ಮಡಿಚಿದ ಗೆರೆ ಕೆನ್ನೆಯ ಸುಕ್ಕಾಗಿತ್ತು, ನೀರಿನ ಕಲೆಯ ಅಂಚು ಸೀರೆಯ ಅಂಚಾಗಿತ್ತು, ಗದ್ದದ ಮೇಲಿನ ಮೂರು ಚುಕ್ಕೆಗಳು ಮೂರು ದಪ್ಪ ಮಚ್ಚೆಗಳಾಗಿದ್ದವು. ಚಿತ್ರವಾಗಿಸುವುದೆಂದರೆ ಇದ್ದದ್ದನ್ನು ಕಡಿಮೆ ಮಾಡಿ, ಉಳಿದದ್ದನ್ನು ಎತ್ತಿ ತೋರಿಸುವುದು. ಫೋಟೋದಲ್ಲಿ ಕಣ್ಣು ಹೇಗೋ ಇದು ಹಾಳಾದ ಗುರುತು ಅಂತ ದಾಟಿ ನೋಡುತ್ತದೆ. ಚಿತ್ರದಲ್ಲಿ ಆ ಗುರುತು ಒಂದು ಗಟ್ಟಿ ಗೆರೆಯಾಗಿಬಿಟ್ಟರೆ ಅದು ಮುಖದ ಭಾಗವೇ. ಅದಕ್ಕೇ ರಿಪೇರಿ ಮೊದಲು, ಚಿತ್ರ ಆಮೇಲೆ.

ಫೋಟೋದ ಕೆಳಗಿನ ಮೂಲೆ ಗಾಜಿಗೆ ಅಂಟಿಕೊಂಡಿತ್ತು. ಅಂಥದ್ದನ್ನು ಎಳೆಯಬಾರದು. ಬಿಂಬ ಇರುವುದು ಕಾಗದದ ಮೇಲಿನ ಜಿಲೆಟಿನ್ ಪದರದಲ್ಲಿ, ಅದು ಒದ್ದೆಯಾಗಿ ಗಾಜಿಗೆ ಹಿಡಿದಿದ್ದರೆ ಕಾಗದ ಬಿಟ್ಟು ಗಾಜಿನ ಮೇಲೇ ಉಳಿಯುತ್ತದೆ. ಹೀಗಾಗಿ ಚೌಕಟ್ಟು ಬಿಚ್ಚಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಈಗಿನ ತೆಳ್ಳನೆಯ ಸ್ಕ್ಯಾನರ್‌ಗಳಿಗೆ ತಮ್ಮ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ, ನಡುವೆ ಇನ್ನೊಂದು ಗಾಜು ಬಂದರೆ ಮಸುಕು. ದಪ್ಪ ಪೆಟ್ಟಿಗೆಯಂಥ ಹಳೆಯ ಸಿಸಿಡಿ ಸ್ಕ್ಯಾನರ್ ಒಂದು ಗೆಳೆಯನ ಹತ್ತಿರ ಇತ್ತು, ಕೆಲಸ ಆಯಿತು. ಮುಖ ಮೂರು ಸೆಂಟಿಮೀಟರ್ ಎತ್ತರವಿತ್ತು. 1200 ಡಿಪಿಐನಲ್ಲಿ ತೆಗೆದರೆ ಅದು ಸುಮಾರು 1400 ಪಿಕ್ಸೆಲ್ ಆಗುತ್ತದೆ, ಎ4 ಹಾಳೆಯಲ್ಲಿ ಹನ್ನೆರಡು ಸೆಂಟಿಮೀಟರ್ ಮುಖಕ್ಕೆ ಸರಿಯಾಗಿ ಸಾಕು.

ಕಪ್ಪು ಬಿಳುಪು ಫೋಟೋ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಅಂಗಡಿಯವರು ಬೇಡ ಅಂದರೂ ಒತ್ತಾಯ ಮಾಡಿ. ಯಾಕೆಂದರೆ ಹಾಳಾದದ್ದಕ್ಕೆ ಬಣ್ಣ ಇರುತ್ತದೆ, ಆ ಬಣ್ಣವೇ ನಮಗೆ ಸಾಕ್ಷಿ. ಬಣ್ಣದ ಸ್ಕ್ಯಾನ್ ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ. ಗಿಂಪ್‌ನಲ್ಲಿ `Decompose` ಅಂತ ಕೊಟ್ಟರೆ ಮೂರೂ ಬೇರೆ ಬೇರೆ ಕಪ್ಪು ಬಿಳುಪು ಚಿತ್ರಗಳಾಗಿ ಬರುತ್ತವೆ. ನೀರಿನ ಕಲೆ ಹಳದಿ ಕಂದು. ಅದು ನೀಲಿ ಪದರದಲ್ಲಿ ಕಪ್ಪಗೆ ಕಾಣುತ್ತದೆ, ಕೆಂಪಿನಲ್ಲಿ ಬಹುತೇಕ ಮಾಯ. ಹಾಗಂತ ಕೆಂಪೊಂದನ್ನೇ ಇಟ್ಟುಕೊಳ್ಳುವ ಹಾಗಿಲ್ಲ. ಕಾಲ ಕಳೆದು ಮಾಸಿದ ಬೆಳ್ಳಿಯ ಬಿಂಬವೂ ಹಳದಿಗೆ ತಿರುಗಿರುತ್ತದೆ, ಹಾಗಾಗಿ ಕೆನ್ನೆಯ ನವಿರಾದ ನೆರಳು ಉಳಿದಿರುವುದು ನೀಲಿಯಲ್ಲೇ. ನಾನು ಮುಖಕ್ಕೆ ನೀಲಿ ಪದರ, ಕಲೆ ಬಿದ್ದ ಸೀರೆಯ ಭಾಗಕ್ಕೆ ಕೆಂಪು ಪದರ ಇಟ್ಟು, ನಡುವಿನ ಅಂಚನ್ನು ಮೆದುವಾಗಿ ಬೆರೆಸಿದೆ. ಅಲ್ಲಿಗೆ ಕೈಯಿಂದ ತಿದ್ದಬೇಕಾದ ಕೆಲಸ ಅರ್ಧ ಇಳಿಯಿತು.

ಇನ್ನು ಆ ಚುಕ್ಕೆಗಳು. ಅತ್ತೆ "ಅದು ಬೂಷ್ಟು ಹಿಡಿದದ್ದಪ್ಪಾ, ತೆಗೆದುಬಿಡು" ಅಂದರು. ತೆಗೆಯುವುದು ಎರಡು ನಿಮಿಷದ ಮಾತು. ಆದರೆ ಮೊದಲು ಮೂರು ಪದರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡು ಚುಕ್ಕೆ ನೀಲಿಯಲ್ಲಿ ಕಪ್ಪಗಿದ್ದು ಕೆಂಪಿನಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿದ್ದವು. ಮೂರನೆಯದು, ಗದ್ದದ ನಟ್ಟನಡುವಿನದು, ಕೆಂಪಿನಲ್ಲೂ ಉಳಿದಿತ್ತು. ಇಲ್ಲಿ ಹೋಲಿಸಬೇಕಾದದ್ದು ಹುಬ್ಬಿನ ಜೊತೆ. ಹುಬ್ಬು ಕೆಂಪು ಪದರದಲ್ಲಿ ಎಷ್ಟು ಮಾಸಿದೆಯೋ ಚುಕ್ಕೆಯೂ ಅಷ್ಟೇ ಮಾಸಿದ್ದರೆ ಅದು ಕ್ಯಾಮೆರಾ ಕಂಡದ್ದು. ಅದಕ್ಕಿಂತ ಬೇಗ ಅಳಿದರೆ ಮೇಲೆ ಬಂದು ಕೂತದ್ದು. ಅಂಚನ್ನೂ ನೋಡಿದೆ: ಬೂಷ್ಟಿನ ಕಲೆಗೆ ಹರಡಿದ ಅಂಚು, ಈ ಚುಕ್ಕೆಗೆ ಕಣ್ಣಿನ ರೆಪ್ಪೆಯಷ್ಟೇ ತೀಕ್ಷ್ಣ ಅಂಚು. ಪಕ್ಕದಿಂದ ಟಾರ್ಚ್ ಹಿಡಿದಾಗ ಮೊದಲೆರಡರ ಜಾಗದಲ್ಲಿ ಮೇಲ್ಮೈ ಒರಟಾಗಿತ್ತು, ಮೂರನೆಯದರ ಕಡೆ ನುಣುಪು.

ಆದರೂ ಸ್ಕ್ಯಾನ್ ಹೇಳುವುದು ಇಷ್ಟೇ: ಆ ದಿನ ಅಲ್ಲೇನೋ ಇತ್ತು. ಏನಿತ್ತು ಅನ್ನುವುದಕ್ಕೆ ಮನುಷ್ಯರೇ ಬೇಕು. ಹುಬ್ಬಳ್ಳಿಯಲ್ಲಿರುವ ಅಜ್ಜಿಯ ತಂಗಿಗೆ ಫೋನ್ ಮಾಡಿದೆವು. ಅತ್ತೆಯೇ ಕೇಳಿದರು.

"ಅಯ್ಯ, ಅದು ಹಚ್ಚೀ ಬೊಟ್ಟವ್ವಾ" ಅಂದರು ಸಣ್ಣಜ್ಜಿ. "ಅಕ್ಕಗ ಎಂಟು ವರ್ಷ ಇದ್ದಾಗ ಹಾಕಿಸಿದ್ರು. ನನಗೂ ಹಾಕಸ್ತೀವಿ ಅಂದ್ರು, ನಾ ಹಿತ್ತಲದಾಗ ಅಡಗಿ ಕುಂತಿದ್ದೆ. ನಿನಗ ಯಾರೂ ಹೇಳೇ ಇಲ್ಲೇನು?"

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅರವತ್ತು ವರ್ಷದಿಂದ ದಿನಾ ನೋಡಿದ ಫೋಟೋ ಅದು.

ಉಳಿದ ಎರಡು ಚುಕ್ಕೆ, ಮಡಿಕೆಯ ಗೆರೆ ಇವನ್ನು `Heal` ಉಪಕರಣದಿಂದ, ಹೊಸ ಪದರದ ಮೇಲೆ ತೆಗೆದೆ. ಮೂಲ ಸ್ಕ್ಯಾನ್ ಮುಟ್ಟಲಿಲ್ಲ. ಮಡಿಕೆ ಎಡಗಣ್ಣಿನ ಕೆಳಗೆ ಹಾದಿತ್ತು. ಇಂಥಲ್ಲಿ ಬಲಗಣ್ಣನ್ನು ಕನ್ನಡಿಯಂತೆ ತಿರುಗಿಸಿ ಅಂಟಿಸುವವರಿದ್ದಾರೆ. ಹಾಗೆ ಮಾಡಿದರೆ ಕಣ್ಣಿನ ಹೊಳಪು ತಪ್ಪು ಕಡೆ ಬೀಳುತ್ತದೆ. ಮುಖದ ಎರಡು ಬದಿ ಒಂದೇ ಥರ ಇರದಿರುವುದರಲ್ಲೇ ಗುರುತು ಅಡಗಿರುವುದು, ಅದೂ ಹೋಗುತ್ತದೆ. ನಾನು ಅದೇ ರೆಪ್ಪೆಯ ಪಕ್ಕದ ಚರ್ಮವನ್ನಷ್ಟೇ ಎಳೆದು ತುಂಬಿದೆ.

ಚಿತ್ರ ಬರೆಯುವಾಗ ಕಡಿಮೆ ಗೆರೆ ಹಾಕುವುದೇ ಕಷ್ಟ. ಚಿಕ್ಕ ವಯಸ್ಸಿನ ಮುಖದಲ್ಲಿ ಪ್ರತಿ ಗೆರೆಯೂ ಐದು ವರ್ಷ ಸೇರಿಸುತ್ತದೆ. ಮೇಲಿನ ರೆಪ್ಪೆಗೆ ದಪ್ಪ ಗೆರೆ, ಕೆಳಗಿನದಕ್ಕೆ ಗೆರೆಯೇ ಇಲ್ಲ. ತುಟಿಗಳ ನಡುವೆ ಮಾತ್ರ ಒಂದು ಗೆರೆ, ಸುತ್ತ ಬೇಡ. ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುವ ಮಡಿಕೆಯನ್ನು ಗೆರೆಯಲ್ಲಿ ಬರೆಯಲೇಬಾರದು, ತೆಳು ನೆರಳು ಸಾಕು. ಒಟ್ಟು ನಾಲ್ಕು ಛಾಯೆಗಳಲ್ಲಿ ಮುಖ ಮುಗಿಸಿದೆ.

ಸೀರೆಯ ಬಣ್ಣ ಯಾವುದಿತ್ತು ಅಂತ ಅತ್ತೆ ಕೇಳಿದರು. ಕಪ್ಪು ಬಿಳುಪು ಫೋಟೋದಲ್ಲಿ ಕಡುಗೆಂಪೂ ಕಡುಹಸಿರೂ ಒಂದೇ ಬೂದು ಆಗಬಹುದು. ಸಣ್ಣಜ್ಜಿಗೂ ನೆನಪಿರಲಿಲ್ಲ. ಚಂದ ಕಾಣಲಿ ಅಂತ ಇಳಕಲ್ ಕೆಂಪು ತುಂಬುವುದು ನನಗೆ ಸರಿ ಅನ್ನಿಸಲಿಲ್ಲ. ಚಿತ್ರವನ್ನೆಲ್ಲ ಕಂದು ಛಾಯೆಯಲ್ಲಿಟ್ಟು ಕುಂಕುಮಕ್ಕೆ ಮಾತ್ರ ಕೆಂಪು ಹಾಕಿದೆ, ಹಚ್ಚೆಯ ಬೊಟ್ಟಿಗೆ ಹಸಿರು ಬೆರೆತ ನೀಲಿ. ಆ ಎರಡರ ಬಣ್ಣ ಮಾತ್ರ ನಮಗೆ ಗೊತ್ತಿತ್ತು.

ಪ್ರಿಂಟ್ ಮಾಡಿಸುವ ಮೊದಲು ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ, ಏನೂ ಹೇಳದೆ ಸಣ್ಣಜ್ಜಿಗೆ ಕಳಿಸಿದೆ. ಅಷ್ಟು ಚಿಕ್ಕದರಲ್ಲೂ ಗುರುತು ಸಿಕ್ಕಿದರೆ ಹೋಲಿಕೆ ಕೂತಿದೆ ಅಂತ ಅರ್ಥ. "ಅಕ್ಕನ ಫೋಟೋ ಬ್ಯಾರೇದೂ ಇತ್ತೇನು?" ಅಂತ ಉತ್ತರ ಬಂತು.

ಈಗ ಚಿತ್ರ ಒಳಗೋಡೆಯ ಮೇಲಿದೆ. ಮಳೆಗಾಲದಲ್ಲಿ ಹೊರಗೋಡೆ ಒಸರುತ್ತದೆ. ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಚೌಕ ಇಡಿಸಿದ್ದೇವೆ. ಹಳೆಯ ಫೋಟೋ ಗಾಜಿನ ಸಮೇತ ಅತ್ತೆಯ ಟ್ರಂಕಿನಲ್ಲಿದೆ, ಪಾನಶೇತಿನ ಕಲೆಯೊಂದಿಗೆ, ಮೂರೂ ಚುಕ್ಕೆಗಳೊಂದಿಗೆ.