ಎಂಟೂಕಾಲಿನ ಹೊಟ್ಟೆನೋವು

ಬೆಳಿಗ್ಗೆ ಎಂಟೂಕಾಲಿಗೆ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆ ಹಿಂಡುವ ನೋವು, ಹತ್ತು ಗಂಟೆಗೆ ಮಾಯ. ಭಾನುವಾರ ನೋವೇ ಇಲ್ಲ. 13 ವರ್ಷದ ಹುಡುಗಿ ಐದು ವಾರದಿಂದ ಶಾಲೆಗೆ ಹೋಗಿಲ್ಲ. ರಕ್ತ, ಮೂತ್ರ, ಸ್ಕ್ಯಾನ್ ಎಲ್ಲವೂ ನಾರ್ಮಲ್. ಹಲವು ಮಕ್ಕಳಲ್ಲಿ ಕಾಣುವುದನ್ನು ಸೇರಿಸಿ ಕಟ್ಟಿದ ಉದಾಹರಣೆ ಇದು.

ಇದನ್ನು ನಾಟಕ ಎಂದು ಗದರಿಸುವುದು ತಪ್ಪು. ಆತಂಕಕ್ಕೆ ಕರುಳು ಹಿಂಡಿದಾಗ ಆಗುವ ನೋವು ನಿಜವಾದ ನೋವೇ. ಆದರೆ ‘ವಾಸಿಯಾಗುವವರೆಗೆ ಮನೆಯಲ್ಲಿರಲಿ’ ಎಂಬ ಕರುಣೆಯ ಮಾತು ಅದಕ್ಕಿಂತ ಅಪಾಯಕಾರಿ. ವ್ಯಾನ್ ಹೋದ ಕೂಡಲೇ ನೋವು ಇಳಿಯುತ್ತದೆ. ಮನೆಯಲ್ಲಿದ್ದರೆ ಹಾಯೆನಿಸುತ್ತದೆ ಎಂಬುದನ್ನು ಮೈ ಕಲಿತುಬಿಡುತ್ತದೆ. ಅಷ್ಟರಲ್ಲಿ ಪಾಠ ಹಿಂದೆ ಬೀಳುತ್ತದೆ, ಗೆಳತಿಯರು ದೂರವಾಗುತ್ತಾರೆ, ಮರಳುವ ಭಯ ವಾರದಿಂದ ವಾರಕ್ಕೆ ದೊಡ್ಡದಾಗುತ್ತದೆ.

ಜಾರ್ಜ್ ಎಂಗೆಲ್ 1977ರಲ್ಲಿ ಮಂಡಿಸಿದ ದೇಹ–ಮನಸ್ಸು–ಸಮಾಜದ ಚೌಕಟ್ಟು ನೆರವಾಗುವುದು ಇಲ್ಲೇ. ಪ್ರತಿ ಪದರದಲ್ಲೂ ನಾಲ್ಕು ಪ್ರಶ್ನೆ ಕೇಳಬೇಕು: ಮೊದಲೇ ಇದ್ದ ಒಲವೇನು, ಕಿಡಿ ಹೊತ್ತಿಸಿದ್ದೇನು, ಈಗ ಉಳಿಸಿರುವುದೇನು, ಆಸರೆ ಯಾವುದು?

ಈ ಹುಡುಗಿಯ ತಾಯಿಗೆ ಮೈಗ್ರೇನ್ ಇದೆ. ಮಗಳದು ಚಿಕ್ಕಂದಿನಿಂದ ಅಂಜುವ ಸ್ವಭಾವ. ಎರಡು ತಿಂಗಳ ಹಿಂದೆ ಅಪ್ಪನಿಗೆ ಹೃದಯಾಘಾತವಾಯಿತು. ಆಗ ಅವಳು ತರಗತಿಯಲ್ಲಿದ್ದಳು. ಒಬ್ಬಳನ್ನೇ ಕೂರಿಸಿ ಮಾತನಾಡಿಸಿದಾಗ ಹೇಳಿದಳು: “ನಾನು ಶಾಲೆಯಲ್ಲಿದ್ದಾಗ ಅಪ್ಪನಿಗೆ ಮತ್ತೆ ಏನಾದರೂ ಆದರೆ?” ಹೊಟ್ಟೆನೋವಿನ ದಿನ ಅಜ್ಜಿ ಶಾಲೆಗೆ ರಜೆ ಹಾಕಿಸುತ್ತಾರೆ, ಅವಳು ಅಪ್ಪನ ಪಕ್ಕದಲ್ಲೇ ಇರುತ್ತಾಳೆ. ಹೊಸ ಸ್ಕ್ಯಾನ್ ಬರೆದಾಗಲೆಲ್ಲ ಒಳಗೆ ಏನೋ ಇದೆ ಎಂಬ ಶಂಕೆ ಗಟ್ಟಿಯಾಗುತ್ತದೆ. ಆಸರೆಯಾಗಿ ಒಬ್ಬ ಆಪ್ತ ಗೆಳತಿ, ಅವಳಿಗಿಷ್ಟದ ಗಣಿತದ ಮೇಷ್ಟ್ರು ಇದ್ದಾರೆ.

ಇದನ್ನೆಲ್ಲ ಪಟ್ಟಿ ಮಾಡಿದರೆ ಸಾಲದು, ಒಂದು ವಾಕ್ಯವಾಗಿ ಹೆಣೆಯಬೇಕು: ‘ಅಪ್ಪನನ್ನು ಕಳೆದುಕೊಳ್ಳುವ ಭಯ ಹೊಟ್ಟೆನೋವಾಗಿ ಬರುತ್ತದೆ, ಮನೆಯಲ್ಲಿ ಸಿಗುವ ನೆಮ್ಮದಿ ಅದನ್ನು ಉಳಿಸಿದೆ.’ ಚಿಕಿತ್ಸೆ ಆ ವಾಕ್ಯದಿಂದಲೇ ಹೊರಡುತ್ತದೆ. ವೈದ್ಯರು ನೋವು ನಿಜವೆಂದು ಒಪ್ಪಿ, ಪರೀಕ್ಷೆ ಮುಗಿಯಿತೆಂದು ಸ್ಪಷ್ಟವಾಗಿ ಹೇಳುತ್ತಾರೆ. ಮೊದಲ ವಾರ ಗಣಿತವೂ ಸೇರಿ ದಿನಕ್ಕೆ ಎರಡು ಪೀರಿಯಡ್, ಬಾಗಿಲಲ್ಲಿ ಗೆಳತಿ, ಪೀರಿಯಡ್ ಮುಗಿದ ಮೇಲೆ ಅಪ್ಪನಿಗೊಂದು ಫೋನ್. ನೋವು ಪೂರ್ತಿ ಹೋಗಲೆಂದು ಕಾಯುವುದಿಲ್ಲ.

ಈ ವಾಕ್ಯ ಒಂದು ಊಹೆ ಅಷ್ಟೇ. ತೂಕ ಇಳಿದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಿಡದಿದ್ದರೆ ಮತ್ತೆ ದೇಹದ ಪರೀಕ್ಷೆಗೆ ಮರಳಬೇಕು. ಶಾಲೆಯಲ್ಲಿ ಕಿರುಕುಳವಿದ್ದರೆ ಮಗುವನ್ನು ಕಳಿಸುವ ಮೊದಲು ಅದನ್ನು ನಿಲ್ಲಿಸಬೇಕು. ಅಮೆರಿಕದ ಉತ್ತರ ಕೆರೊಲಿನಾದಿಂದ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಆತಂಕದಿಂದ ಶಾಲೆಗೆ ಹೋಗಲೊಪ್ಪದ ಮಕ್ಕಳಲ್ಲಿ ಖಿನ್ನತೆ ಹೆಚ್ಚೆಂದು ತೋರಿಸಿತು. ಹಾಗಾಗಿ ‘ಸಾಯಬೇಕು ಅನಿಸುತ್ತದೆಯೇ’ ಎಂದು ಅವಳೊಬ್ಬಳೇ ಇದ್ದಾಗ ನೇರವಾಗಿ ಕೇಳಲೇಬೇಕು.

ಐದು ವಾರ ಈಗಾಗಲೇ ಕಳೆದಿದೆ. ಆರನೆಯ ವಾರಕ್ಕೆ ಇನ್ನೊಂದು ಸ್ಕ್ಯಾನ್ ಬರೆಯುವ ಮೊದಲು ಆ ಒಂದು ವಾಕ್ಯವನ್ನು ಬರೆಯಿರಿ.