ಒಂದೇ ಪಾತ್ರೆಗೆ ಯಾವ ಅಡುಗೆ ಪುಸ್ತಕ?

ನಮ್ಮ ಅಡುಗೆ ಪುಸ್ತಕಗಳಲ್ಲಿ ಬಿಸಿಬೇಳೆಬಾತಿನ ಪುಟ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಶುರುವಾಗುತ್ತದೆ: ಬೇಳೆಯನ್ನು ಕುಕ್ಕರಿನಲ್ಲಿಟ್ಟು ಮೂರು ಕೂಗು ಕೂಗಿಸಿ. ಲಂಡನ್ನಿನಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿರುವ, ಒಂದು ಅಗ್ಗದ ರೈಸ್ ಕುಕ್ಕರ್, ಒಂದು ಚಾಕು, ಒಂದು ಸೌಟು ಮಾತ್ರ ಇರುವ ಹುಡುಗಿ ಆ ಮೊದಲ ಸಾಲಿನಲ್ಲೇ ನಿಂತುಬಿಡುತ್ತಾಳೆ. ಅವಳ ಪಾತ್ರೆ ಕೂಗುವುದಿಲ್ಲ. ಮುಂದಿನ ಸಾಲಿನಲ್ಲಿ ಮಿಕ್ಸಿ ಬರುತ್ತದೆ, ಅದರ ಮುಂದಿನ ಸಾಲಿನಲ್ಲಿ ಒಗ್ಗರಣೆಗೆ ಇನ್ನೊಂದು ಒಲೆ. ರುಚಿ ಬಲ್ಲ ಪುಸ್ತಕಕ್ಕೆ ಅವಳ ಕೋಣೆ ಗೊತ್ತಿಲ್ಲ.

ಕೋಣೆಯನ್ನು ಬಲ್ಲ ಪುಸ್ತಕಗಳು ಬೇರೆ ಇವೆ. ಪತ್ರಕರ್ತೆ ಕ್ಯಾಥರೀನ್ ವೈಟ್‌ಹಾರ್ನ್ 1961ರಲ್ಲಿ ಬರೆದದ್ದು ಅಂಥದು. ಆಮೇಲೆ ಅದು ‘ಕುಕಿಂಗ್ ಇನ್ ಎ ಬೆಡ್‌ಸಿಟರ್’ ಎಂಬ ಹೆಸರಿನಲ್ಲಿ ದಶಕಗಳ ಕಾಲ ಮರುಮುದ್ರಣವಾಯಿತು. ಮಲಗುವುದು, ಓದುವುದು, ಬೇಯಿಸುವುದು ಎಲ್ಲ ಒಂದೇ ಕೋಣೆಯಲ್ಲಿ, ಒಂದೇ ಗ್ಯಾಸ್ ಉರಿಯ ಮೇಲೆ ನಡೆಯಬೇಕಾದವರಿಗೆ ಬರೆದ ಪುಸ್ತಕವದು. ವಾಸನೆ ಹಾಸಿಗೆಗೆ ಹತ್ತದಂತೆ ಏನು ಮಾಡುವುದು, ಮುಚ್ಚಳ ತೆಗೆದರೆ ಎಲ್ಲಿಡುವುದು ಎಂಬ ಚಿಂತೆಯೂ ಅದರಲ್ಲಿದೆ. ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2010ರಲ್ಲಿ ರೈಸ್ ಕುಕ್ಕರ್ ಒಂದನ್ನೇ ನಂಬಿ ‘ದಿ ಪಾಟ್ ಅಂಡ್ ಹೌ ಟು ಯೂಸ್ ಇಟ್’ ಬರೆದರು. ಕಾಯಿಲೆಯಿಂದಾಗಿ ಅವರು ಸ್ವತಃ ಬಾಯಲ್ಲಿ ತಿನ್ನಲಾಗದ ಸ್ಥಿತಿಯಲ್ಲಿದ್ದಾಗ ಬಂದ ಪುಸ್ತಕ ಅದು. ಇವೆರಡರಲ್ಲೂ ನಮ್ಮ ಹುಳಿ, ಸಾರು ಹುಡುಕಬಾರದು. ಕಲಿಯಬೇಕಾದದ್ದು ಕ್ರಮವನ್ನು: ಒಂದು ಪಾತ್ರೆಗೆ ಯಾವುದು ಮೊದಲು ಬೀಳಬೇಕು, ಯಾವುದು ಕೊನೆಗೆ.

ರುಚಿಗೆ ಮನೆಯವರನ್ನೇ ಕೇಳಬೇಕು. 1950ರ ದಶಕದಲ್ಲಿ ಲಂಡನ್ನಿಗೆ ನಾಟಕ ಕಲಿಯಲು ಹೋದ ಮಧುರ್ ಜಾಫ್ರಿ ಅವರಿಗೆ ಅಡುಗೆ ಬರುತ್ತಿರಲಿಲ್ಲ. ದೆಹಲಿಯಿಂದ ತಾಯಿ ವಿಮಾನ ಅಂಚೆಯಲ್ಲಿ ಬರೆದು ಕಳಿಸಿದ ಪಾಕವಿಧಾನಗಳಿಂದಲೇ ಅವರು ಕಲಿತದ್ದು. 1973ರಲ್ಲಿ ಪ್ರಕಟವಾದ ಅವರ ‘ಆ್ಯನ್ ಇನ್ವಿಟೇಷನ್ ಟು ಇಂಡಿಯನ್ ಕುಕಿಂಗ್’ ಪುಸ್ತಕದ ಬೇರು ಆ ಕಾಗದಗಳಲ್ಲಿದೆ. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಂದ ತಮಿಳಿನ ‘ಸಮೈತ್ತುಪ್ಪಾರ್’ ಹುಟ್ಟಿದ್ದೂ ಹಾಗೆಯೇ, ನೆಂಟರಿಷ್ಟರು ಅಡುಗೆಯ ವಿಧಾನ ಬರೆದು ಕಳಿಸಿ ಎಂದು ಕೇಳುತ್ತಿದ್ದುದರಿಂದ. ಅದು ಇಂಗ್ಲಿಷಿನಲ್ಲಿಯೂ ಸಿಗುತ್ತದೆ. ಸಾಂಬಾರು, ರಸಂ, ಕೂಟುಗಳ ವಿಚಾರದಲ್ಲಿ ನಮ್ಮ ಕಡೆಯ ಅಡುಗೆಗೆ ತೀರ ಹತ್ತಿರ. ನನ್ನ ಮಟ್ಟಿಗೆ ವಿದ್ಯಾರ್ಥಿಯ ಕಪಾಟಿನಲ್ಲಿ ಎರಡು ಪುಸ್ತಕ ಸಾಕು: ಪಾತ್ರೆಯನ್ನು ಬಲ್ಲದ್ದೊಂದು, ನಾಲಿಗೆಯನ್ನು ಬಲ್ಲದ್ದೊಂದು. ಎರಡನ್ನೂ ಕೂಡಿಸುವ ಕೆಲಸ ಓದುವವರದು. ಅದು ಹೇಗೆಂದು ಬಿಸಿಬೇಳೆಬಾತಿನಲ್ಲೇ ನೋಡೋಣ.

ಕೂಗು ಅಂದರೇನು? ಪ್ರೆಷರ್ ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಆ ಇಪ್ಪತ್ತು ಡಿಗ್ರಿಯನ್ನು ನಾವು ಹೊತ್ತಿನಿಂದ ತುಂಬಿಸಬೇಕು. ಹತ್ತು ಹದಿನೈದು ನಿಮಿಷದಲ್ಲಿ ಆಗುತ್ತಿದ್ದ ತೊಗರಿಬೇಳೆಗೆ ಎರಡು ಗಂಟೆಯ ನೆನೆಯೂ ಮುಕ್ಕಾಲು ಗಂಟೆಯ ಕುದಿಯೂ ಬೇಕು. ಅಷ್ಟು ತಾಳ್ಮೆ ಇಲ್ಲದ ದಿನ ಹೆಸರುಬೇಳೆಯನ್ನೋ, ಅಲ್ಲಿನ ಅಂಗಡಿಗಳಲ್ಲೆಲ್ಲ ಸಿಗುವ ಕೆಂಪು ಮಸೂರ್ ಬೇಳೆಯನ್ನೋ ಹಾಕಿದರೆ ಅರ್ಧ ಗಂಟೆಯೊಳಗೆ ಕರಗುತ್ತದೆ. ರುಚಿ ಸ್ವಲ್ಪ ಬೇರೆ, ಆದರೆ ಊಟ ಊಟವೇ.

ಇನ್ನು ರೈಸ್ ಕುಕ್ಕರಿನ ಸ್ವಭಾವ. ಸಾದಾ ಕುಕ್ಕರಿನ ತಳದಲ್ಲಿ ಒಂದು ಅಯಸ್ಕಾಂತ ಇರುತ್ತದೆ. ನೀರಿರುವವರೆಗೆ ತಳ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಇಂಗಿ ಬಿಸಿ ಅದನ್ನು ದಾಟಿದ ಕೂಡಲೇ ಅಯಸ್ಕಾಂತ ಹಿಡಿತ ಬಿಡುತ್ತದೆ, ಗುಂಡಿ ಟಕ್ಕೆಂದು ಮೇಲೇಳುತ್ತದೆ. ಅಂದರೆ ಅದಕ್ಕೆ ಗೊತ್ತಾಗುವುದು ನೀರು ಮುಗಿದದ್ದು ಮಾತ್ರ, ಬೇಳೆ ಬೆಂದದ್ದಲ್ಲ. ಬೆಂದಿದೆಯೇ ಎಂದು ಒಂದು ಕಾಳನ್ನು ತೆಗೆದು, ಆರಿಸಿ, ಎರಡು ಬೆರಳ ನಡುವೆ ಹಿಸುಕಿ ನೋಡಬೇಕು. ನಡುವೆ ಗಟ್ಟಿ ಚುಕ್ಕೆ ಸಿಕ್ಕರೆ ಇನ್ನೂ ಆಗಿಲ್ಲ.

ಹಾಗಾಗಿ ಕ್ರಮವನ್ನು ತಿರುಗಿಸಿ ಒಗ್ಗರಣೆಯಿಂದಲೇ ಶುರುಮಾಡಬೇಕು. ಖಾಲಿ ಪಾತ್ರೆಗೆ ಎರಡು ಚಮಚ ಎಣ್ಣೆ ಹಾಕಿ ಗುಂಡಿ ಒತ್ತಿ. ಅದು ಬೇಗ ಮೇಲೆದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಒತ್ತಿ. ಸಾಸಿವೆ ಸಿಡಿದ ಮೇಲೆ ಕರಿಬೇವು, ಇಂಗು, ಗೋಡಂಬಿ. ಹೊಗೆ ಏಳುವ ಮೊದಲೇ ನಿಲ್ಲಿಸಿ, ಕೋಣೆಯ ಹೊಗೆ ಎಚ್ಚರಿಕೆಯ ಗಂಟೆ ಒಣಮೆಣಸಿನಕಾಯಿಯ ಘಾಟಿಗೂ ಕೂಗಬಹುದು. ಒಗ್ಗರಣೆಯನ್ನು ಬಟ್ಟಲಿಗೆ ತೆಗೆದಿಟ್ಟು ಅದೇ ಪಾತ್ರೆಗೆ ನೆನೆದ ಅರ್ಧ ಕಪ್ಪು ತೊಗರಿಬೇಳೆ, ಎರಡೂವರೆ ಕಪ್ಪು ನೀರು, ಚಿಟಿಕೆ ಅರಿಶಿನ ಹಾಕಿ. ಹೊರದೇಶದ ಅಂಗಡಿಯಲ್ಲಿ ಎಣ್ಣೆ ಸವರಿದ ಬೇಳೆಯೂ ಮಾರುತ್ತಾರೆ, ಅದನ್ನು ನೆನೆಹಾಕುವ ಮೊದಲೇ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬೇಳೆಯ ನೊರೆ ಉಕ್ಕುವುದರಿಂದ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಮುಚ್ಚಳ ಸ್ವಲ್ಪ ಓರೆಯಾಗಿರಲಿ.

ಮುಕ್ಕಾಲು ಗಂಟೆಯಾದರೂ ಬೇಳೆ ಗಟ್ಟಿಯಾಗಿಯೇ ಇದ್ದರೆ ಸಾಮಾನ್ಯವಾಗಿ ಮೂರು ಕಾರಣ. ಬೇಳೆ ಹಳೆಯದಿರಬಹುದು. ನೀರು ಗಡಸಾಗಿರಬಹುದು: ಲಂಡನ್ನಿನ ನಲ್ಲಿ ನೀರು ಹಾಗೆಯೇ, ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನೊಳಗಿನ ಪೆಕ್ಟಿನ್ ಎಂಬ ಅಂಟನ್ನು ಕರಗಲು ಬಿಡುವುದಿಲ್ಲ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸುಧಾರಿಸುತ್ತದೆ, ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಮೂರನೆಯದು ಹುಳಿ. ಎಲ್ಲವನ್ನೂ ಒಟ್ಟಿಗೆ ಹಾಕಿ ಗುಂಡಿ ಒತ್ತಿ ಎನ್ನುವ ಒಂದೇ ಪಾತ್ರೆಯ ಪಾಕಗಳು ನಮ್ಮ ಅಡುಗೆಗೆ ಒಗ್ಗದಿರುವುದು ಇಲ್ಲಿಯೇ. ಹುಣಸೆಹಣ್ಣೋ ಟೊಮೇಟೊವೋ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗುವುದೇ ಇಲ್ಲ.

ಬೇಳೆ ಹಿಸುಕಿದರೆ ನುಣ್ಣಗಾಗುವಂತಿದ್ದಾಗ ಅರ್ಧ ಕಪ್ಪು ಅಕ್ಕಿ, ಒಂದು ಕಪ್ಪು ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್, ಬಟಾಣಿ, ಎರಡು ಕಪ್ಪು ಬಿಸಿನೀರು ಹಾಕಿ. ಇಪ್ಪತ್ತು ನಿಮಿಷ ಬೇಯಲಿ, ನಡುನಡುವೆ ತಳದಿಂದ ಕೈಯಾಡಿಸಿ. ಗಟ್ಟಿಯಾಗುತ್ತಾ ಬಂದಂತೆ ತಳ ಹಿಡಿದು ಗುಂಡಿ ಬೇಗ ಮೇಲೇಳುತ್ತದೆ, ಆಗ ಬಿಸಿನೀರು ಸೇರಿಸಿ ಮತ್ತೆ ಒತ್ತಬೇಕು. ಅನ್ನ ಬೆಂದ ಮೇಲೆ ನಿಂಬೆಯ ಅರ್ಧ ಗಾತ್ರದ ಹುಣಸೆಯ ರಸ, ಎರಡು ದೊಡ್ಡ ಚಮಚ ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಹತ್ತು ನಿಮಿಷ ಕುದಿಸಿ ಒಗ್ಗರಣೆ ಸುರಿಯಿರಿ. ಸೌಟಿನಿಂದ ಜಾರುವಷ್ಟು ತೆಳ್ಳಗಿರುವಾಗಲೇ ನಿಲ್ಲಿಸಬೇಕು, ಆರಿದಂತೆ ಅದು ಗಟ್ಟಿಯಾಗುತ್ತದೆ.

ಮಿಕ್ಸಿಯ ಕೆಲಸ ಪುಡಿಗೆ ಬಿಟ್ಟಿದ್ದು. ಮನೆಯಿಂದ ಪುಡಿ ಒಯ್ಯುವುದು ಸುಲಭ, ತುಪ್ಪ ಹಾಗಲ್ಲ: ಹಾಲಿನ ಪದಾರ್ಥವಾದ್ದರಿಂದ ಭಾರತದಿಂದ ಬರುವ ಪ್ರಯಾಣಿಕರು ಅದನ್ನು ಐರೋಪ್ಯ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ. ಕೋಣೆಯಲ್ಲಿ ರೈಸ್ ಕುಕ್ಕರ್ ಇಟ್ಟುಕೊಳ್ಳಲು ಅನುಮತಿ ಇದೆಯೇ ಎಂದೂ ಮೊದಲೇ ಕೇಳಬೇಕು. ಕೆಲವು ವಿದ್ಯಾರ್ಥಿನಿಲಯಗಳು ಕೊಡುವುದಿಲ್ಲ.

ಈ ಅಳತೆಯಲ್ಲಿ ಇಂದಿನ ರಾತ್ರಿಗೂ ನಾಳೆಯ ಮಧ್ಯಾಹ್ನಕ್ಕೂ ಆಗುತ್ತದೆ. ಉಳಿದದ್ದನ್ನು ಕುಕ್ಕರಿನಲ್ಲೇ ಬಿಟ್ಟು ಮಲಗಬಾರದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಉಳಿದರೆ ಅವು ಚಿಗುರಿ ವಿಷ ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಗೆ ಹರವಿ ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗಿಟ್ಟು, 24 ಗಂಟೆಯೊಳಗೆ ಒಂದೇ ಸಲ ಚೆನ್ನಾಗಿ ಬಿಸಿಮಾಡಿ ತಿನ್ನಬೇಕು ಎಂಬುದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯ ಸಲಹೆ. ಮಧ್ಯಾಹ್ನ ಬಿಸಿ ಮಾಡುವಾಗ ಅರ್ಧ ಕಪ್ಪು ನೀರು ಬೆರೆಸಿ ಉಪ್ಪು ನೋಡಿ, ರಾತ್ರಿಯಿಡೀ ಅನ್ನ ಎಲ್ಲವನ್ನೂ ಹೀರಿಕೊಂಡಿರುತ್ತದೆ.